ಐದು ಬೆರಳು, ಎರಡು ಕೈ

ನ್ಯೂಜೆರ್ಸಿಯ ನಮ್ಮೂರ ಲೈಬ್ರರಿಯಲ್ಲಿ ಏಳು ವರ್ಷದ ಮಗ ಉಗಿಬಂಡಿಗಳ ಬಗ್ಗೆ ಒಂದು ದಪ್ಪ ಪುಸ್ತಕ ಎತ್ತಿಕೊಂಡ. "ಇದು ನಿನಗೆ ಕಷ್ಟ ಕಣೋ, ಇಟ್ಟುಬಿಡು" ಅಂದೆ. ಪಕ್ಕದಲ್ಲಿದ್ದ ಲೈಬ್ರರಿಯಾಕೆ ನನ್ನ ಕಡೆ ನೋಡಲೂ ಇಲ್ಲ. ಅವನ ಮುಂದೆ ಕೂತು, "ನಡುವಿನ ಒಂದು ಪುಟ ತೆಗೆದು ಜೋರಾಗಿ ಓದು, ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಎತ್ತು" ಅಂದರು. ನನಗೆ ಸ್ವಲ್ಪ ಚುಚ್ಚಿತು.

ಲೆಕ್ಕ ಸುಲಭ. ಬೆರಳೇ ಏಳಲಿಲ್ಲ, ಇಲ್ಲ ಒಂದೇ ಎದ್ದಿತು ಅಂದರೆ ಸಲೀಸಾದ ಪುಸ್ತಕ. ಎರಡು ಮೂರು ಎದ್ದರೆ ಸರಿಯಾದ ಮಟ್ಟ. ನಾಲ್ಕಾದರೆ ದೊಡ್ಡವರು ಜೊತೆಗಿರಬೇಕು. ಐದಾದರೆ ಒಬ್ಬನೇ ಓದಲು ಕಷ್ಟ. ನಡುವಿನ ಪುಟವೇ ಯಾಕೆಂದರೆ ಎಷ್ಟೋ ಪುಸ್ತಕಗಳ ಮೊದಲ ಪುಟ ಸುಲಭವಾಗಿರುತ್ತದೆ, ಕಷ್ಟ ಆಮೇಲೆ ಶುರು. ಪುಟದಲ್ಲಿ ಸುಮಾರು ನೂರು ಪದ ಇದ್ದರೆ ಮಾತ್ರ ಈ ಐದಕ್ಕೆ ಅರ್ಥ. ಪುಟಕ್ಕೆ ಇಪ್ಪತ್ತೇ ಪದದ ಚಿತ್ರದ ಪುಸ್ತಕವಾದರೆ ನಾಲ್ಕೈದು ಪುಟ ಸೇರಿಸಿ ಎಣಿಸಬೇಕು.

ನಮ್ಮವನ ಐದೂ ಬೆರಳು ಎದ್ದವು. ನಾನು ಗೆದ್ದೆ ಅಂದುಕೊಂಡೆ. ಆಕೆ ಪುಸ್ತಕ ಕಿತ್ತುಕೊಳ್ಳಲಿಲ್ಲ. "ರೈಲು ಅಂದ್ರೆ ಇಷ್ಟಾನಾ? ಹಾಗಾದ್ರೆ ಇದನ್ನು ಅಪ್ಪ ಓದಲಿ, ಇದು ನಿನಗೆ" ಅಂತ ರೈಲಿನದೇ ಒಂದು ತೆಳ್ಳನೆ ಪುಸ್ತಕವನ್ನೂ ಕೊಟ್ಟರು. ತೆಳ್ಳನೆಯದು ಎರಡು ದಿನಕ್ಕೆ ಮುಗಿಯಿತು. ಬಾಯ್ಲರ್, ಪಿಸ್ಟನ್, ವಾಲ್ವ್ ಅಲ್ಲೇ ಚಿತ್ರದ ಜೊತೆ ಸಿಕ್ಕವು. ಮುಂದಿನ ವಾರ ದಪ್ಪ ಪುಸ್ತಕದ ಅದೇ ಪುಟಕ್ಕೆ ಎರಡೇ ಬೆರಳು.

ಬೇಸಿಗೆ ರಜೆಗೆ ಶಿವಮೊಗ್ಗಕ್ಕೆ ಹೋದೆವು. ಪುಸ್ತಕದಂಗಡಿಯವರು ಕೇಳಿದ್ದು ಒಂದೇ: "ಎಷ್ಟನೇ ಕ್ಲಾಸು?" ಹುಡುಗನಿಗೆ ಏನಿಷ್ಟ ಅಂತ ಕೇಳಲೇ ಇಲ್ಲ. ಚಪ್ಪಲಿ ಕೊಳ್ಳುವಾಗಲಾದರೂ ಕಾಲಿಗೆ ಹಾಕಿ ನೋಡುತ್ತೇವೆ, ಅಲ್ವಾ? ಅಂಗಡಿಯವರು ಕೊಟ್ಟ ನೀತಿಕಥೆಗಳ ಕಟ್ಟನ್ನು ನನ್ನ ಅಪ್ಪ ಇಬ್ಬರು ಮೊಮ್ಮಕ್ಕಳಿಗೂ ಆಗುತ್ತೆ ಅಂತ ಕೊಂಡರು.

ಮನೆಯಲ್ಲಿ ಬೆರಳಾಟ ಶುರು ಮಾಡಿದೆ. ತಮ್ಮನ ಮಗಳು ಮೂರನೇ ಕ್ಲಾಸು. ಇಡೀ ಪುಟ ಗಡಗಡ ಓದಿದಳು, ಒಂದು ಬೆರಳೂ ಏಳಲಿಲ್ಲ. ಅಪ್ಪನಿಗೆ ಹೆಮ್ಮೆ. "ಪಶ್ಚಾತ್ತಾಪ ಅಂದ್ರೇನು ಪುಟ್ಟಿ?" ಅಂದೆ. ಸುಮ್ಮನಾದಳು. ವ್ಯಾಮೋಹ? ಗೊತ್ತಿಲ್ಲ. ಕೃತಘ್ನ? "ಯಾರದ್ದೋ ಹೆಸರು ದೊಡ್ಡಪ್ಪ." ಒಟ್ಟು ಆರು ಪದ.

ಈ ಪರೀಕ್ಷೆ ಇಂಗ್ಲಿಷಿನದು. ಅಲ್ಲಿ ಗೊತ್ತಿಲ್ಲದ ಪದಕ್ಕೆ ಮಗು ಎಷ್ಟೋ ಸಲ ಉಚ್ಚಾರದಲ್ಲೇ ಮುಗ್ಗರಿಸುತ್ತದೆ, ಬೆರಳು ತಾನಾಗಿ ಏಳುತ್ತದೆ. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಕಲಿತ ಮಗು ಏನನ್ನು ಬೇಕಾದರೂ ಓದಿಬಿಡುತ್ತದೆ. ಕಷ್ಟ ಹೊರಗೆ ಕಾಣುವುದೇ ಇಲ್ಲ.

ನನ್ನ ಮಗನದು ತಿರುಗಾ ಮುರುಗಾ. "ಬುತ್ತಿ" ಅನ್ನುವಲ್ಲಿ ನಿಂತ, "ಒಗ್ಗರಣೆ" ಅನ್ನುವಲ್ಲಿ ನಿಂತ. ಬಾಯಲ್ಲಿ ಕೂಡಿಸಿಕೊಂಡ ಮೇಲೆ "ಓ, ಒಗ್ಗರಣೆ!" ಅಂತ ನಕ್ಕ. ದಿನಾ ಮನೆಯಲ್ಲಿ ಕೇಳುವ ಮಾತು, ಒತ್ತಕ್ಷರದ ಹಿಂದೆ ಅಡಗಿತ್ತು ಅಷ್ಟೇ.

ಆಗಿನಿಂದ ನಾವು ಕನ್ನಡಕ್ಕೆ ಎರಡು ಕೈ ಬಳಸುತ್ತೇವೆ. ಅಕ್ಷರಕ್ಕೆ ತಡವರಿಸಿದರೆ ಬಲಗೈ ಬೆರಳು. ಪುಟ ಮುಗಿದ ಮೇಲೆ ಅಲ್ಲಲ್ಲಿ ಕೆಲವು ಪದಗಳ ಅರ್ಥ ಕೇಳಿ, ಬಾರದ್ದಕ್ಕೆ ಎಡಗೈ. ಬಲಗೈ ಪೂರ್ತಿ ತುಂಬಿ ಎಡಗೈ ಖಾಲಿ ಇದ್ದರೆ ಪುಸ್ತಕ ಮನೆಗೆ ಬರುತ್ತದೆ, ಓದುತ್ತಾ ಓದುತ್ತಾ ತಡವರಿಕೆ ಕಡಿಮೆಯಾಗುತ್ತದೆ. ಎಡಗೈ ತುಂಬಿದರೆ ಮಗು ಎಷ್ಟೇ ಚೆನ್ನಾಗಿ ಓದಲಿ, ಒಬ್ಬರೇ ಓದುವ ಪುಸ್ತಕ ಅಲ್ಲ. ಒಂದು ತೊಂದರೆ ಇದೆ. ಅಜ್ಜ ಎದುರಿಗಿದ್ದರೆ ಮಕ್ಕಳು ನಾಚಿಕೆಗೆ ಬೆರಳು ಬಚ್ಚಿಡುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾಡಬೇಕು.

ಊರನ್ನು ಜಾಸ್ತಿ ಬೈದೆನೇನೋ. ನಮ್ಮ ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ ಕನ್ನಡ ಪುಸ್ತಕಗಳಿಗೆ ಒಂದರಿಂದ ನಾಲ್ಕರವರೆಗೆ ಓದಿನ ಮಟ್ಟ ಹಾಕುತ್ತದೆ. ಅದರ ಸ್ಟೋರಿವೀವರ್ ತಾಣದಲ್ಲಿ 2015ರಿಂದ ಕಾಸಿಲ್ಲದೆ ಓದಬಹುದು. ನನಗೇ ಗೊತ್ತಿರಲಿಲ್ಲ, ತಮ್ಮ ತೋರಿಸಿದ.

ಇನ್ನೊಂದು ಮಾತು, ಹೇಳದಿದ್ದರೆ ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ. ಆ ನೀತಿಕಥೆ ಪುಸ್ತಕ ವಾಪಸ್ ಹೋಗಲಿಲ್ಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಅವರೇ ಓದಿದರು. ಕೃತಘ್ನ ಬಂದಲ್ಲಿ ನಿಂತು, ನಮ್ಮ ಮನೆ ಹಲಸಿನ ಹಣ್ಣು ತಿಂದು ನಮ್ಮ ಮೇಲೇ ಚಾಡಿ ಹೇಳಿದ ಹಳೆಯ ಪಕ್ಕದಮನೆಯವರ ಕಥೆ ಹೇಳಿದರು. ನ್ಯೂಜೆರ್ಸಿಗೆ ಬಂದ ಮೇಲೆ, ನಾನು ಕೊನೇ ಬಿಸ್ಕತ್ತು ತಿಂದ ದಿನ, ಮಗ ನನ್ನನ್ನು ಕೃತಘ್ನ ಅಂದ.