ಶೇ 7ರ ಬಡ್ಡಿಯಲ್ಲಿ ತೆರಿಗೆ ಕಚ್ಚುವುದು ಎಲ್ಲಿ?

‘ಎಫ್‌ಡಿಗೆ ಶೇ 7 ಬಡ್ಡಿ, ಬೆಲೆ ಏರಿಕೆ ಶೇ 5. ಏನೂ ಮಾಡದೆ ವರ್ಷಕ್ಕೆ ಶೇ 2 ಲಾಭ! ಟಿಡಿಎಸ್ ಕಡಿತವಾಗದಿದ್ದರೆ ತೆರಿಗೆಯೂ ಇಲ್ಲ.’

ಡೊಂಬಿವಲಿಯ ನಮ್ಮ ಕನ್ನಡ ಬಳಗದ ಗುಂಪಿಗೆ ಇದು ಮೂರನೆಯ ಬಾರಿ ಬಂದಿದೆ. ಶೇ 30ರ ತೆರಿಗೆ ಹಂತದಲ್ಲಿರುವವರ ಲೆಕ್ಕ ನೋಡೋಣ. ಒಂದು ಲಕ್ಷ ರೂಪಾಯಿ ಇಟ್ಟರೆ ವರ್ಷಕ್ಕೆ 7,000 ಬಡ್ಡಿ. ಸೆಸ್ ಸೇರಿ ಶೇ 31.2ರಂತೆ 2,184 ತೆರಿಗೆಗೆ ಹೋಗುತ್ತದೆ. ಕೈಯಲ್ಲಿ ಉಳಿಯುವುದು 1,04,816. ಈ ವರ್ಷ ಒಂದು ಲಕ್ಷಕ್ಕೆ ಸಿಗುತ್ತಿದ್ದ ಸಾಮಾನಿಗೆ ಆಗ 1,05,000 ಬೇಕು. ಅಂದರೆ 184 ರೂಪಾಯಿ ಖೋತಾ.

ಕಾರಣ ಸರಳ. ಆ 7,000ದಲ್ಲಿ 5,000 ಬೆಲೆ ಏರಿಕೆಗೆ ಸಿಕ್ಕ ಪರಿಹಾರವಷ್ಟೇ. ನಿಜವಾದ ಗಳಿಕೆ 2,000. ಆದರೆ ತೆರಿಗೆ ಬೀಳುವುದು ಇಡೀ 7,000ಕ್ಕೆ. ಗಳಿಕೆಗಿಂತ ತೆರಿಗೆಯೇ ದೊಡ್ಡದು!

ಟಿಡಿಎಸ್ ಎಂಬುದು ಮುಂಗಡ ಕಡಿತ ಮಾತ್ರ. ಬ್ಯಾಂಕು ಕಡಿತ ಮಾಡದಿದ್ದರೂ ಬಡ್ಡಿಯನ್ನು ರಿಟರ್ನ್‌ನಲ್ಲಿ ತೋರಿಸಲೇಬೇಕು. ಒಟ್ಟು ಆದಾಯಕ್ಕೆ ತೆರಿಗೆಯೇ ಬಾರದವರಿಗೆ ಮಾತ್ರ ಸಂದೇಶದ ಲೆಕ್ಕ ಹೆಚ್ಚುಕಡಿಮೆ ಸರಿ: ಅವರಿಗೆ ಸುಮಾರು ಶೇ 1.9 ಉಳಿಯುತ್ತದೆ.