ದುಗ್ಗಮ್ಮನ ಜಾತ್ರೆಯ ನೆಂಟರೂ ನಾಲ್ಕು ಸಾಕೆಟ್ಟಿನ ಬೋರ್ಡೂ

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಹಿಂದೆಲ್ಲ ಮನೆಗಳಲ್ಲಿ ಚಾಪೆ, ದಿಂಬುಗಳು ಸಾಲುತ್ತಿರಲಿಲ್ಲ. ಈಗ ಮೊದಲು ಸಾಲದಾಗುವುದು ಪ್ಲಗ್ಗು ಚುಚ್ಚುವ ಜಾಗ. ವಿದ್ಯಾನಗರದಲ್ಲಿರುವ ನಮ್ಮಕ್ಕನ ಮನೆಯ ಹಜಾರದಲ್ಲಿ ನೆಂಟರೆಲ್ಲರ ಪಾಲಿಗೆ ಇರುವುದು ನಾಲ್ಕು ಸಾಕೆಟ್ಟಿನ ಒಂದೇ ಎಕ್ಸ್‌ಟೆನ್ಷನ್ ಬೋರ್ಡು. ಕಳೆದ ಜಾತ್ರೆಯ ರಾತ್ರಿ ಅದರ ಮೇಲೆ ಎರಡು ಮಲ್ಟಿಪ್ಲಗ್ಗುಗಳು ಕುಳಿತು, ಅವುಗಳ ಮೂಲಕ ಐದು ಸಾಧಾರಣ ಮೊಬೈಲ್ ಚಾರ್ಜರು, ಎರಡು ಫಾಸ್ಟ್ ಚಾರ್ಜರು, ಒಂದು ಲ್ಯಾಪ್‌ಟಾಪಿನ ಅಡಾಪ್ಟರು, ಸೊಳ್ಳೆ ಓಡಿಸುವ ಮೆಷಿನ್ನು ಮತ್ತು ಟೇಬಲ್ ಫ್ಯಾನು ಒಟ್ಟಾಗಿ ಜೀವಿಸುತ್ತಿದ್ದವು. ಬೋರ್ಡು ತಡೆಯುತ್ತದೆಯೇ ಎಂಬ ಪ್ರಶ್ನೆಯನ್ನು ಯಾರೋ ಎತ್ತಿದ್ದೇ ತಡ, ಮನೆಯಲ್ಲಿದ್ದವರೆಲ್ಲ ಲೆಕ್ಕಿಗರಾದರು.

ಭಾವನ ಚಿಕ್ಕಪ್ಪನವರು ಪ್ರತಿಯೊಬ್ಬರ ಫೋನಿನ ಬ್ಯಾಟರಿಯ ಮಿಲಿಆಂಪಿಯರ್-ಗಂಟೆಯನ್ನು ಕೇಳಿ ಕೇಳಿ ಕೂಡಿಸಿ, ಮೊತ್ತ ಮೂವತ್ತು ಸಾವಿರ ದಾಟಿದಾಗ ಗಾಬರಿಯಿಂದ ಎದ್ದು ನಿಂತರು. ಅದು ಬ್ಯಾಟರಿಯ ಹೊಟ್ಟೆಯ ಅಳತೆಯೇ ಹೊರತು ಬೋರ್ಡಿನ ಮೇಲೆ ಬೀಳುವ ಭಾರವಲ್ಲ ಎಂದು ಎಷ್ಟು ಹೇಳಿದರೂ, "ಮೂವತ್ತು ಸಾವಿರ ಅಂದ್ರೆ ಕಡಿಮೀನಾ?" ಎಂಬುದೇ ಅವರ ವಾದವಾಗಿತ್ತು.

ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಹೆಚ್ಚು ಶಾಸ್ತ್ರೀಯವಾಗಿ ಹೊರಟ. ಚಾರ್ಜರುಗಳನ್ನು ಒಂದೊಂದಾಗಿ ಕಿತ್ತು, ಟಾರ್ಚು ಬಿಟ್ಟು, ಇರುವೆಯಂತಹ ಅಕ್ಷರಗಳಲ್ಲಿ ಇನ್‌ಪುಟ್ ಎಂಬುದರ ಮುಂದೆ ಬರೆದದ್ದನ್ನು ಓದಿದ. ಸಾಧಾರಣ ಚಾರ್ಜರಿನ ಮೇಲೆ 0.35 ಆಂಪಿಯರ್, ಫಾಸ್ಟ್ ಚಾರ್ಜರಿನ ಮೇಲೆ 0.8, ಲ್ಯಾಪ್‌ಟಾಪಿನದರ ಮೇಲೆ 1.7 ಎಂದಿತ್ತು. ಎಲ್ಲವನ್ನೂ ಕೂಡಿಸಿದಾಗ ಐದು ಆಂಪಿಯರ್ ದಾಟಿತು. ಬೋರ್ಡಿನ ಮಿತಿ 6 ಆಂಪಿಯರ್ ಆದ್ದರಿಂದ ಇನ್ನು ಮೇಲೆ ಯಾರೂ ಏನನ್ನೂ ಚುಚ್ಚಕೂಡದೆಂದು ಆತ ಕಟ್ಟಪ್ಪಣೆ ಹೊರಡಿಸಿದ.

ಈ ಲೆಕ್ಕ ನೋಡುವುದಕ್ಕೆ ಚೆನ್ನಾಗಿದೆ, ಆದರೆ ತಪ್ಪು. ಅದೇ ಸಾಲಿನಲ್ಲಿ 100ರಿಂದ 240 ವೋಲ್ಟ್ ಎಂದೂ ಬರೆದಿರುತ್ತದೆ. ಲೋಕದ ಯಾವ ದೇಶಕ್ಕೆ ಹೋದರೂ ಚಾರ್ಜರು ಕೆಲಸ ಮಾಡಬೇಕಾದ್ದರಿಂದ, ಅತಿ ಕಡಿಮೆ ವೋಲ್ಟೇಜಿನಲ್ಲಿ ಪೂರ್ತಿ ದುಡಿಯುವಾಗ ಎಳೆಯಬಹುದಾದ ಅತಿ ಹೆಚ್ಚಿನ ಕರೆಂಟನ್ನು ತಯಾರಕರು ಅಲ್ಲಿ ನಮೂದಿಸುತ್ತಾರೆ. ನಮ್ಮ 230 ವೋಲ್ಟಿನಲ್ಲಿ ಅದೇ ಕೆಲಸಕ್ಕೆ ಅದರ ಅರ್ಧವೂ ಬೇಕಾಗುವುದಿಲ್ಲ. ಓದಬೇಕಾದದ್ದು ಕೆಳಗಿನ ಔಟ್‌ಪುಟ್ ಸಾಲನ್ನು. 5 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿದಾಗ 10 ವ್ಯಾಟ್. ಹಾಗೆ ಐದಕ್ಕೆ 50, ತಲಾ 33 ವ್ಯಾಟಿನ ಎರಡು ಫಾಸ್ಟ್ ಚಾರ್ಜರಿಗೆ 66, ಲ್ಯಾಪ್‌ಟಾಪಿಗೆ 65. ಒಟ್ಟು 181 ವ್ಯಾಟ್. ಚಾರ್ಜರು ಬಿಸಿಯಾಗಿ ಕಳೆಯುವ ಪಾಲೆಂದು ಶೇಕಡಾ 20ರಷ್ಟು ಸೇರಿಸಿದರೆ ಸುಮಾರು 215. ಫ್ಯಾನಿಗೆ 50, ಸೊಳ್ಳೆ ಮೆಷಿನ್ನಿಗೆ 5 ಕೂಡಿಸಿದರೆ 270 ವ್ಯಾಟ್. ಇದನ್ನು 230ರಿಂದ ಭಾಗಿಸಿದಾಗ ಬರುವುದು 1.2 ಆಂಪಿಯರಿಗಿಂತ ತುಸು ಕಡಿಮೆ. ಚಿಕ್ಕ ಚಾರ್ಜರುಗಳು ಕರೆಂಟನ್ನು ಸಮನಾಗಿ ಎಳೆಯದೆ ವೋಲ್ಟೇಜಿನ ಅಲೆಯ ತುದಿಯಲ್ಲಷ್ಟೇ ಗುಟುಕು ಗುಟುಕಾಗಿ ಎಳೆಯುವುದರಿಂದ, ತಂತಿಯಲ್ಲಿ ನಿಜವಾಗಿ ಹರಿಯುವುದು ಈ ಲೆಕ್ಕಕ್ಕಿಂತ ಒಂದೂವರೆ ಪಟ್ಟೋ ಎರಡು ಪಟ್ಟೋ ಇರಬಹುದು. ಸುಮಾರು ಎರಡು ಆಂಪಿಯರ್ ಎಂದುಕೊಳ್ಳೋಣ. ಬೋರ್ಡಿಗೆ ಅದು ಲೆಕ್ಕಕ್ಕೇ ಇಲ್ಲ.

ಇಷ್ಟಾದ ಮೇಲೆ ರಾತ್ರಿ ಹನ್ನೊಂದಕ್ಕೆ ಚಿಕ್ಕಪ್ಪನವರಿಗೆ ಬಿಸಿನೀರು ಬೇಕಾಯಿತು. ಅವರು ತಮ್ಮೂರಿನಿಂದಲೇ ತಂದಿದ್ದ 1500 ವ್ಯಾಟಿನ ಕೆಟಲ್ಲನ್ನು ತೆಗೆದರು. ಅದರ ದಪ್ಪ ಪಿನ್ನು ಬೋರ್ಡಿನೊಳಗೆ ಹೋಗಲಿಲ್ಲ. ಹೋಗದಿರುವುದಕ್ಕೆಂದೇ ಆ ಪಿನ್ನನ್ನು ದಪ್ಪ ಮಾಡಿರುತ್ತಾರೆ. ಅದು 16 ಆಂಪಿಯರಿನ ಪವರ್ ಸಾಕೆಟ್ಟಿಗೆ ಸೇರಿದ್ದು. ಆದರೆ ಚಿಕ್ಕಪ್ಪನವರು ಮುಂದಾಲೋಚನೆಯ ಮನುಷ್ಯರಾದ್ದರಿಂದ ದಪ್ಪ ಪಿನ್ನನ್ನು ಸಣ್ಣದಾಗಿಸುವ ಕನ್ವರ್ಟರ್ ಪ್ಲಗ್ಗನ್ನೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಮೊಬೈಲ್ ಚಾರ್ಜರಿಗೆ ಕಟ್ಟಪ್ಪಣೆ ಹೊರಡಿಸಿದ್ದ ಹುಡುಗ ಕೆಟಲ್ಲಿನ ಅಡಿ ನೋಡಿ, ಅಲ್ಲಿ ಆಂಪಿಯರಿನ ಸುದ್ದಿಯೇ ಇಲ್ಲದ ಕಾರಣ, "ಪರವಾಗಿಲ್ಲ ಅಜ್ಜ, ಹಾಕ್ರಿ" ಎಂದುಬಿಟ್ಟ.

1500ನ್ನು 230ರಿಂದ ಭಾಗಿಸಿದರೆ 6.5 ಆಂಪಿಯರ್. 6 ಆಂಪಿಯರಿನ ಬೋರ್ಡು ಹೊರಬಲ್ಲದ್ದು 1380 ವ್ಯಾಟ್ ಮಾತ್ರ. ಚಾರ್ಜರುಗಳ ಇಡೀ ದಂಡು ಸೇರಿ ಮಾಡಲಾಗದ್ದನ್ನು ಕೆಟಲ್ಲೊಂದೇ ಮಾಡಿ ಮುಗಿಸಿತು. ನೀರು ಕಾಯುವ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಜಾತ್ರೆಯ ಸಂದಣಿಯಲ್ಲಿ ಯಾರದೋ ಚಪ್ಪಲಿ ಕೆಂಡ ತುಳಿದಿರಬೇಕೆಂದು ಅಕ್ಕನ ಅತ್ತೆಯವರು ಎಲ್ಲರ ಚಪ್ಪಲಿಗಳನ್ನೂ ತಿರುಗಿಸಿ ನೋಡಿದರು. ಭಾವ ಗೋಡೆಯ ಸ್ವಿಚ್ಚು ಆರಿಸಿ, ಕನ್ವರ್ಟರನ್ನು ಕಿತ್ತಾಗ ಆ ಸಾಕೆಟ್ಟಿನ ಒಂದು ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿ ಅಂಚು ಮೆದುವಾಗಿತ್ತು. ಇನ್ನೊಂದು ತೂತು ಹೊಸದರಂತೆಯೇ ಇತ್ತು.

ಒಂದೇ ತೂತು ಸುಟ್ಟದ್ದರಲ್ಲಿ ಗುಟ್ಟಿದೆ. ಎರಡರಲ್ಲೂ ಹರಿದದ್ದು ಅದೇ ಕರೆಂಟು. ಸುಟ್ಟ ಕಡೆಯಲ್ಲಿ ಒಳಗಿನ ಹಿತ್ತಾಳೆಯ ಪಟ್ಟಿ ಸಡಿಲಾಗಿತ್ತು. ಮಲ್ಟಿಪ್ಲಗ್ಗಿನ ಭಾರಕ್ಕೆ, ದಿನವೂ ಎಳೆದು ಕೀಳುವುದಕ್ಕೆ ಆ ಪಟ್ಟಿ ಹಿಗ್ಗಿ, ಪಿನ್ನನ್ನು ಒಂದೆರಡು ಕಡೆ ಮಾತ್ರ ಮುಟ್ಟುತ್ತದೆ. ಅಲ್ಲಿನ ತಡೆ ಒಂದು ಓಮ್‌ನ ಹತ್ತನೇ ಒಂದು ಭಾಗವೆಂದು ಇಟ್ಟುಕೊಂಡರೂ, ಎರಡು ಆಂಪಿಯರಿಗೆ ಹುಟ್ಟುವ ಬಿಸಿ ಅರ್ಧ ವ್ಯಾಟಿಗಿಂತ ಕಡಿಮೆ. ಆರೂವರೆ ಆಂಪಿಯರಿಗೆ ನಾಲ್ಕು ವ್ಯಾಟಿಗೂ ಹೆಚ್ಚು. ಕರೆಂಟು ಮೂರು ಪಟ್ಟಾದರೆ ಬಿಸಿ ಒಂಬತ್ತು ಪಟ್ಟು ಏರುತ್ತದೆ, ಅದೂ ಅಕ್ಕಿಕಾಳಿನಷ್ಟು ಜಾಗದಲ್ಲಿ. ಬಿಸಿಗೆ ಪಟ್ಟಿಯ ಬಿಗಿ ಇನ್ನಷ್ಟು ಹೋಗುತ್ತದೆ, ಬಿಗಿ ಹೋದಷ್ಟೂ ಬಿಸಿ ಹೆಚ್ಚುತ್ತದೆ. ಹೀಗಾಗಿ ಚಾರ್ಜರುಗಳು ಭಾರದಿಂದಲ್ಲದಿದ್ದರೂ ಸಾಕೆಟ್ಟನ್ನು ಸಡಿಲಿಸಿ ಈ ಪಾಪದಲ್ಲಿ ಪಾಲು ಪಡೆಯುತ್ತವೆ. ಚಾರ್ಜರಿನ ಮೈ ಬೆಚ್ಚಗಿರುವುದು ಸಹಜ. ಕಿತ್ತ ಪ್ಲಗ್ಗಿನ ಪಿನ್ನು ಬೆರಳಿಗೆ ಚುರುಕ್ಕೆಂದರೆ, ಅಥವಾ ಪ್ಲಗ್ಗು ಅಲುಗಿಸಿದಾಗ ಚಿಟಪಟ ಸದ್ದು ಬಂದರೆ, ಆ ಸಾಕೆಟ್ಟಿನ ಕಾಲ ಮುಗಿಯಿತು.

"ಎಂಸಿಬಿ ಯಾಕೆ ಬೀಳ್ಲಿಲ್ಲ ಮಾಮಾ?" ಎಂದು ಹುಡುಗ ನನ್ನನ್ನು ಕೇಳಿದ. ಹಜಾರದ ಎಂಸಿಬಿ 16 ಆಂಪಿಯರಿನದು. ಗೋಡೆಯೊಳಗಿನ ತಂತಿಯನ್ನು ಕಾಯುವುದಷ್ಟೇ ಅದರ ಕೆಲಸ; ಕೆಟಲ್ಲಿನ ಆರೂವರೆಗೆ ಉಳಿದವುಗಳ ಎರಡು ಸೇರಿದ ಎಂಟೂವರೆ ಆಂಪಿಯರು ಅದಕ್ಕೆ ನಿದ್ದೆಗೆಡುವ ಸಂಗತಿಯೇ ಅಲ್ಲ. ಬೋರ್ಡು ಕರಗಿ ನೀರಾದರೂ, ಶಾರ್ಟ್ ಆಗುವ ತನಕ ಅದು ಸುಮ್ಮನೇ ಇರುತ್ತದೆ.

ಮರುದಿನ ನಮ್ಮ ಲೆಕ್ಕವನ್ನು ಮೀಟರಿನಿಂದಲೇ ಪರೀಕ್ಷಿಸೋಣವೆಂದು ಭಾವ ಹೊಸ ಬೋರ್ಡು ತಂದು, ಫ್ರಿಜ್ಜು ಸಮೇತ ಉಳಿದದ್ದನ್ನೆಲ್ಲ ಆರಿಸಿದರು. ಆ ಮೀಟರಿನ ಕೆಂಪು ದೀಪ ಒಂದು ಯೂನಿಟ್ಟಿಗೆ 3200 ಸಲ ಮಿನುಗುತ್ತದೆಂದು ಅದರ ಮೇಲೆಯೇ ಬರೆದಿತ್ತು. ಅಂತಹ ಮೀಟರಿನಲ್ಲಿ 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ನಮ್ಮ 270ಕ್ಕೆ ನಾಲ್ಕು ಸೆಕೆಂಡಿಗೊಮ್ಮೆ ಮಿನುಗಬೇಕಿದ್ದ ದೀಪ ಒಂಬತ್ತು ಸೆಕೆಂಡು ತೆಗೆದುಕೊಂಡಿತು, ಅಂದರೆ 125 ವ್ಯಾಟ್. ತುಂಬಿಬಂದ ಫೋನುಗಳು ಅಷ್ಟು ಎಳೆಯುವುದಿಲ್ಲವಾದ್ದರಿಂದ ಕಾಗದದ ಲೆಕ್ಕ ಯಾವಾಗಲೂ ಹೆಚ್ಚೇ ಬರುತ್ತದೆ. ಆಮೇಲೆ ಅಡುಗೆಮನೆಯ ಪವರ್ ಸಾಕೆಟ್ಟಿನಲ್ಲಿ ಕೆಟಲ್ಲು ಹಾಕಿದಾಗ ದೀಪ ಸೆಕೆಂಡಿಗೂ ಮುಂಚೆಯೇ ಪಟಪಟನೆ ಹೊಡೆದುಕೊಂಡಿತು. ಚಿಕ್ಕಪ್ಪನವರು ಅದನ್ನು ನೋಡಿ, ಮೀಟರೇ ಕೆಟ್ಟಿದೆ ಎಂದರು.

ಭಾವ ಹೊಸ ಬೋರ್ಡಿನ ಬೆನ್ನಿಗೆ ಮಾರ್ಕರಿನಿಂದ ದಪ್ಪಗೆ 1380 ಎಂದು ಬರೆದಿಟ್ಟರು. ಸಂಜೆ ಅದನ್ನು ಕಂಡ ಅಕ್ಕನ ಅತ್ತೆಯವರು, ಮುನ್ನೂರು ರೂಪಾಯಿಯ ಬೋರ್ಡಿಗೆ ಇಷ್ಟು ಕೊಟ್ಟು ಬಂದಿದ್ದಾನೆಂದು ಮಗನಿಗೆ ಊಟ ಮುಗಿಯುವವರೆಗೂ ಬೈದರು.