ಎಡಕ್ಕೆ ತಿರುಗಿದರೆ ನೈಟ್ರೋ ಇಲ್ಲ

ರಜೆಗೆ ಬಂದ ಅಕ್ಕನ ಮಗ ನನ್ನ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಿದ್ದ. ಸ್ವಲ್ಪ ಹೊತ್ತಿಗೆ ದೂರು ಶುರು. "ಮಾಮಾ, ಬಲಕ್ಕೆ ತಿರುಗುವಾಗ ನೈಟ್ರೋ ಬರುತ್ತೆ, ಎಡಕ್ಕೆ ತಿರುಗುವಾಗ ಬರಲ್ಲ!" ನೈಟ್ರೋ ಅಂದರೆ ಆಟದ ಕಾರಿಗೆ ಸಿಗುವ ದಿಢೀರ್ ವೇಗ. ಸೋತವನ ನೆಪ ಅಂದುಕೊಂಡೆ. ನಾನೇ ಕೂತು ಆಡಿದೆ. ನಾನೂ ಸೋತೆ, ಅದೇ ಎಡ ತಿರುವಿನಲ್ಲಿ.

ಆಟ ಮುಚ್ಚಿ, ಯಾವ ಕೀ ಒತ್ತಿದರೆ ಅದು ಬೆಳಗುವ ಕೀಬೋರ್ಡ್ ಟೆಸ್ಟರ್ ತೆರೆದೆ. ಕಾರು ಓಡಿಸುವ ಮೇಲಿನ ಬಾಣ, ತಿರುಗಿಸುವ ಎಡ ಬಾಣ, ನೈಟ್ರೋದ ಸ್ಪೇಸ್ ಬಾರ್ ಒಂದೊಂದಾಗಿ ಒತ್ತಿದರೆ ಮೂರೂ ಸರಿ. ಎರಡೆರಡು ಒತ್ತಿದರೂ ಸರಿ. ಎರಡು ಬಾಣ ಹಿಡಿದು ಸ್ಪೇಸ್ ಒತ್ತಿದೆ, ಸ್ಪೇಸ್ ಬೆಳಗಲಿಲ್ಲ. ಸ್ಪೇಸ್ ಮತ್ತು ಮೇಲಿನ ಬಾಣ ಮೊದಲು ಹಿಡಿದು ಎಡ ಬಾಣ ಒತ್ತಿದೆ, ಈಗ ಎಡ ಬಾಣವೇ ನಾಪತ್ತೆ! ಕೊನೆಗೆ ಬಂದವನಿಗೆ ಊಟ ಇಲ್ಲ ಅನ್ನೋ ಹಾಗೆ. ಸ್ಪೇಸ್ ಬಾರ್ ಕೆಟ್ಟಿದ್ದರೆ ಯಾವಾಗಲೂ ಅದೇ ಕೈ ಕೊಡಬೇಕಿತ್ತು, ಅಲ್ವಾ? ಹಾಗಾಗಿ ತಪ್ಪು ಕೀಯದಲ್ಲ, ಒಳಗಿನ ವೈರಿಂಗಿನದು.

ಅಗ್ಗದ ಕೀಬೋರ್ಡಿನ ಒಳಗೆ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. ಬೆಂಗಳೂರಿನ ಬಡಾವಣೆಯ ಹಾಗೆ ಮೇನುಗಳು, ಕ್ರಾಸುಗಳು. ಅವು ಸೇರುವ ಒಂದೊಂದು ಮೂಲೆಯಲ್ಲೂ ಒಂದು ಕೀ. ಒತ್ತಿದರೆ ಆ ಮೇನಿಗೂ ಕ್ರಾಸಿಗೂ ದಾರಿ ತೆರೆಯುತ್ತದೆ. ಚೌಕದ ಮೂರು ಮೂಲೆ ಒಟ್ಟಿಗೆ ತೆರೆದರೆ ಕರೆಂಟು ಸುತ್ತು ಹಾಕಿ ಬರುತ್ತದೆ, ಯಾರೂ ಮುಟ್ಟದ ನಾಲ್ಕನೇ ಮೂಲೆಯನ್ನೂ ಒತ್ತಿದ ಹಾಗೆ ಕಾಣುತ್ತದೆ. ಆ ಸುಳ್ಳು ಕೀಯೇ ನಿಜವಾದ ಘೋಸ್ಟ್. ಅದು ಬಾರದಿರಲಿ ಅಂತ ಕಂಟ್ರೋಲರ್ ಚಿಪ್ಪು ಮೂರನೆಯ ಕೀಯನ್ನೇ ತಡೆದುಬಿಡುತ್ತದೆ. ಜನ ಇದನ್ನೂ ಘೋಸ್ಟಿಂಗ್ ಅಂತಲೇ ಕರೆಯುತ್ತಾರೆ, ದೆವ್ವ ಬಿಡಿಸಿದವನನ್ನೇ ದೆವ್ವ ಅಂದ ಹಾಗೆ.

ಬಲ ಬಾಣ ಬೇರೆ ಸಾಲಿನಲ್ಲಿರುವುದರಿಂದ ಚೌಕ ಆಗಲಿಲ್ಲ, ಬಚಾವಾಯಿತು. ಇಂಥ ಕೀಬೋರ್ಡಿನಲ್ಲಿ ಯಾವ ಎರಡು ಕೀ ಒತ್ತಿದರೂ ಭರವಸೆ ಉಂಟು, ಮೂರನೆಯದು ಅದೃಷ್ಟ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ಪ್ರತಿ ಕೀಗೂ ಹಾಕಿದರೆ ಕರೆಂಟು ವಾಪಸ್ ಸುತ್ತಲಾರದು, ಆದರೆ ಅದಕ್ಕೆ ಖರ್ಚು ಜಾಸ್ತಿ. ಇನ್ನೊಂದು ಮಿತಿಯೂ ಇದೆ, ಯುಎಸ್‌ಬಿಯ ಹಳೆಯ ಸರಳ ರೀತಿಯಲ್ಲಿ ಶಿಫ್ಟ್, ಕಂಟ್ರೋಲಿನಂಥವನ್ನು ಬಿಟ್ಟು ಒಮ್ಮೆಗೆ 6 ಕೀಗಳ ಸುದ್ದಿ ಮಾತ್ರ ಹೋಗುತ್ತದೆ. ಎರಡನ್ನೂ ಬೇರೆ ಮಾಡುವುದು ಸುಲಭ. ಯಾವ ಕೀಗಳಾದರೂ ಸರಿ, ಏಳನೆಯದಕ್ಕೇ ನಿಂತರೆ ಅದು ಎಣಿಕೆಯ ಮಿತಿ; ಮೂರಕ್ಕೇ, ಅದೂ ಕೆಲವು ಜೋಡಣೆಗೆ ಮಾತ್ರ ನಿಂತರೆ ವೈರಿಂಗು.

ಹೊಸ ಕೀಬೋರ್ಡ್ ಕೊಡಿಸು ಅಂತ ಅವನು ಕಣ್ಣಲ್ಲೇ ಕೇಳಿದ. ನಾನು ಆಟದ ಸೆಟ್ಟಿಂಗ್ಸಿಗೆ ಹೋಗಿ ನೈಟ್ರೋವನ್ನು ಎಡ ಶಿಫ್ಟಿಗೆ ಹಾಕಿದೆ. ಶಿಫ್ಟ್, ಕಂಟ್ರೋಲ್ ಕೀಗಳನ್ನು ಬೇರೆ ಕೀಗಳ ಜೊತೆಗೇ ಒತ್ತಬೇಕಾದ್ದರಿಂದ ಸಾಮಾನ್ಯವಾಗಿ ಅವಕ್ಕೆ ಪ್ರತ್ಯೇಕ ಸಾಲು ಕೊಟ್ಟಿರುತ್ತಾರೆ. ಟೆಸ್ಟರಿನಲ್ಲಿ ಮೂರೂ ಬೆಳಗಿದವು. ಹುಡುಗ ಖುಷಿಯಿಂದ ಎಡಕ್ಕೆ ತಿರುಗಿದ, ನೈಟ್ರೋ ಬಂತು, ಅದೇ ಜೋಶಿನಲ್ಲಿ ಟಪಟಪ ಐದು ಸಲ ಶಿಫ್ಟ್ ಕುಟ್ಟಿದ. ರೇಸಿನ ನಡುವೆ ವಿಂಡೋಸ್ ಬಂದು ಸ್ಟಿಕಿ ಕೀಸ್ ಬೇಕಾ ಅಂತ ಕೇಳಿತು.